ಯಾವ ಕಡೆಯ ಬೆಂಚು?



ಮಾತು ಶುರುಮಾಡುವ ಮುಂಚೆ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಬಲಗಿವಿಯ ತೂತಿನ ಮುಂದೆ, ಕೆನ್ನೆಯ ಕಡೆಗೆ, ಒಂದು ಪುಟ್ಟ ಉಬ್ಬು ಇದೆಯಲ್ಲ, ಅದನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ಕಿವಿ ಮುಚ್ಚಿಕೊಳ್ಳಿ. ನನ್ನ ಮಾತು ಕೇಳುತ್ತಿದೆಯೆ? ಕೇಳುತ್ತಿದೆ. ಎಡಗಿವಿ ತೆರೆದೇ ಇದೆಯಲ್ಲ, ಒಂದು ಪದವೂ ತಪ್ಪುತ್ತಿಲ್ಲ. ಈಗ ಬೆರಳು ತೆಗೆಯದೆ ಅಡುಗೆಮನೆಗೆ ನಡೆಯಿರಿ. ನಲ್ಲಿಯನ್ನು ಜೋರಾಗಿ ಬಿಡಿ. ನಲ್ಲಿ ನಿಮ್ಮ ಎಡಕ್ಕೆ, ರೇಡಿಯೋ ನಿಮ್ಮ ಬಲಕ್ಕೆ ಎರಡು ಮಾರು ದೂರದಲ್ಲಿ ಇರುವ ಹಾಗೆ ನಿಂತುಕೊಳ್ಳಿ. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಏನು ಮಾತಾಡುತ್ತಿದ್ದಾರೆ ಅನ್ನುವುದು ಅಲ್ಲಲ್ಲಿ ಜಾರಿಹೋಗುತ್ತದೆ. ನೀವು ದೊಡ್ಡವರು, ಕನ್ನಡ ಚೆನ್ನಾಗಿ ಬಲ್ಲವರು, ಜಾರಿದ್ದನ್ನು ಊಹಿಸಿ ತುಂಬಿಕೊಳ್ಳುತ್ತೀರಿ. ಇನ್ನೂ ಭಾಷೆ ಕಲಿಯುತ್ತಿರುವ ಒಂಬತ್ತು ವರ್ಷದ ಮಗು ಹಾಗೆ ತುಂಬಿಕೊಳ್ಳಲಾರದು.

ಇನ್ನು ಬೆರಳು ತೆಗೆಯಿರಿ. ಇವತ್ತಿನ ಮಾತು ಆ ಬೆರಳನ್ನು ತೆಗೆಯಲಾಗದ ಮಕ್ಕಳದ್ದು: ಒಂದು ಕಿವಿ ಪೂರ್ತಿ ಸರಿಯಾಗಿದ್ದು, ಇನ್ನೊಂದು ಸ್ವಲ್ಪವೇ ಮಂದವಾಗಿರುವ ಶಾಲಾಮಕ್ಕಳದ್ದು.

ಹೆಗ್ಗನಹಳ್ಳಿಯ ಒಂದು ತರಗತಿಯಿಂದ ಶುರುಮಾಡೋಣ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಾಗಿದ, ಸುಂಕದಕಟ್ಟೆ, ಲಗ್ಗೆರೆಗಳ ಪಕ್ಕದ ಈ ಬಡಾವಣೆಯನ್ನು ನೋಡಿದವರಿಗೆ ಗೊತ್ತು. ಕೆಳಗೆ ಲೇತ್ ಶೆಡ್ಡು, ಮೇಲೆ ಮನೆ. ಎದುರಿಗೆ ಪವರ್ ಪ್ರೆಸ್ಸು, ಪಕ್ಕದಲ್ಲಿ ಗ್ರೈಂಡಿಂಗ್. ಸಣ್ಣ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತ ತೂರುವ ಆಟೋ, ಟೆಂಪೋ. ಇಂಥ ರಸ್ತೆಗೆ ಕಿಟಕಿ ತೆರೆದ ಶಾಲೆಯ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಕತೆ ಹೇಳುತ್ತೇನೆ. ಅವಳು ಒಬ್ಬಳೇ ಅಲ್ಲ. ಹಲವು ಮಕ್ಕಳಲ್ಲಿ ಕಾಣುವುದನ್ನು ಒಬ್ಬಳ ಮೇಲೆ ಹೊರಿಸಿ ಹೇಳುತ್ತಿದ್ದೇನೆ. ಆದ್ದರಿಂದ ಅವಳಿಗೆ ಹೆಸರು ಇಡುವುದಿಲ್ಲ.

ಮೂರನೇ ತರಗತಿಯವರೆಗೆ ಅವಳ ಬಗ್ಗೆ ದೂರು ಇರಲಿಲ್ಲ. ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯವರೆಗೆ ನಲಿ-ಕಲಿ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಮಿಸ್ ಗುಂಪಿನ ಪಕ್ಕದಲ್ಲೇ ಬಂದು ಕೂತು ಕಾರ್ಡು ತೋರಿಸಿ ಹೇಳಿಕೊಡುತ್ತಾರೆ. ಒಂದು ಮೊಳ ದೂರದಿಂದ ಬರುವ ಮಾತು ಯಾವ ಕಿವಿಗಾದರೂ ಸಾಕಷ್ಟು ಜೋರಾಗಿಯೇ ಬರುತ್ತದೆ. ನಾಲ್ಕನೇ ತರಗತಿಯಲ್ಲಿ ಬೆಂಚುಗಳು ಸಾಲಾಗಿ ನಿಂತವು. ಮಿಸ್ ಬೋರ್ಡಿನ ಹತ್ತಿರ ಹೋದರು. ದೂರುಗಳು ಅಲ್ಲಿಂದ ಶುರುವಾದವು. ಹೇಳಿದ್ದನ್ನು ಮತ್ತೆ ಕೇಳುತ್ತಾಳೆ. ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಾಳೆ. ಕರೆದರೆ ಬೇರೆ ಕಡೆ ತಿರುಗುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಮಂಕಾಗಿ ಡೆಸ್ಕಿನ ಮೇಲೆ ತಲೆ ಇಡುತ್ತಾಳೆ. ಗಮನ ಇಲ್ಲ ಅನ್ನುವುದು ಎಲ್ಲರ ತೀರ್ಮಾನ.

ಅಮ್ಮನನ್ನು ಕರೆಸಿ ಕೇಳಿದರೆ ಅವರದ್ದೂ ಅದೇ ಮಾತು. “ಕಿವಿ ಚೆನ್ನಾಗೇ ಇದೆ ಮಿಸ್. ಹಿಂದಿನಿಂದ ಮೆಲ್ಲಗೆ ಕರೆದ್ರೂ ಓ ಅಂತಾಳೆ. ಬೇಕಂತಲೇ ಕೇಳಿಸ್ಕೊಳ್ಳಲ್ಲ ಅಷ್ಟೆ.”

ಅಮ್ಮ ಹೇಳಿದ್ದು ಸುಳ್ಳಲ್ಲ. ಮನೆಯಲ್ಲಿ ನಾವು ಮಾಡುವ ಪರೀಕ್ಷೆಗೆ ಒಂದು ಒಳ್ಳೆಯ ಕಿವಿ ಸಾಕು. ಹತ್ತಡಿಯ ಕೋಣೆಯಲ್ಲಿ, ಹಿಂದಿನಿಂದ ಕರೆದ ಹೆಸರನ್ನು ಅವಳ ಒಳ್ಳೆಯ ಎಡಗಿವಿಯೇ ಹಿಡಿದು ಉತ್ತರ ಕೊಟ್ಟುಬಿಡುತ್ತದೆ. ಕರೆದದ್ದು ಕೇಳಿತೋ ಇಲ್ಲವೋ ಎಂದು ನೋಡುವ ಬದಲು, ಯಾವ ಕಡೆಯಿಂದ ಕರೆದರು ಅನ್ನುವುದು ಅವಳಿಗೆ ಗೊತ್ತಾಯಿತೇ ಎಂದು ನೋಡಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಶಬ್ದ ಬಂದ ದಿಕ್ಕನ್ನು ಮಿದುಳು ಲೆಕ್ಕ ಹಾಕುವುದು ಎರಡು ಕಿವಿಗಳ ವರದಿಯನ್ನು ಹೋಲಿಸಿ. ಬಲದಿಂದ ಬಂದ ಸದ್ದು ಬಲಗಿವಿಯನ್ನು ತುಸು ಮೊದಲು ಮುಟ್ಟುತ್ತದೆ, ತುಸು ಜೋರಾಗಿ ಮುಟ್ಟುತ್ತದೆ. ಆ ಹೊತ್ತಿನ ಅಂತರ ಎಷ್ಟೇ ಹೆಚ್ಚೆಂದರೂ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಒಂದು ಕಿವಿಯ ವರದಿ ಸಣ್ಣದಾಗಿ ಬಂದರೆ ಈ ಹೋಲಿಕೆ ಕೆಡುತ್ತದೆ. ತರಗತಿಯಲ್ಲಿ ಯಾರೋ ಉತ್ತರ ಹೇಳುತ್ತಿರುತ್ತಾರೆ. ಅದು ಯಾರು ಎಂದು ಹುಡುಕಿ ಆ ಕಡೆ ತಿರುಗುವಷ್ಟರಲ್ಲಿ ಉತ್ತರ ಮುಗಿದಿರುತ್ತದೆ. ನೋಡುವವರಿಗೆ ಅದು ಅತ್ತಿತ್ತ ನೋಡುವ ಚಟದ ಹಾಗೆ ಕಾಣುತ್ತದೆ.

ಈ ಮಗುವಿನ ಉಕ್ತಲೇಖನದ ಪುಸ್ತಕ ತೆಗೆದು ನೋಡಿದರೆ ಇನ್ನೂ ಸ್ಪಷ್ಟವಾದ ಸುಳಿವು ಸಿಗುತ್ತದೆ. ಅವಳು ಎಲ್ಲವನ್ನೂ ತಪ್ಪಾಗಿ ಬರೆದಿಲ್ಲ. ‘ಮರದಿಂದ’ ಎಂದದ್ದು ‘ಮರದ’ ಆಗಿದೆ. ‘ಹೋದರು’ ಎಂದದ್ದು ‘ಹೋದ’ ಆಗಿದೆ. ಪದದ ತಲೆ ಸರಿ ಇದೆ, ಬಾಲ ಇಲ್ಲ. ನಮ್ಮ ಕನ್ನಡದಲ್ಲಿ ಅರ್ಥದ ಬಹುಪಾಲು ಕೂತಿರುವುದೇ ಬಾಲದಲ್ಲಿ. ಮರದಲ್ಲೋ ಮರದಿಂದಲೋ, ಬಂದದ್ದು ಒಬ್ಬನೋ ಹಲವರೋ, ಕೊನೆಗೆ ಬರೆಯಬೇಕೋ ಬರೆಯಬಾರದೋ ಎಂಬುದನ್ನೂ ಹೇಳುವುದು ಕೊನೆಯ ಅಕ್ಷರಗಳೇ. ಮಾತಾಡುವಾಗ ನಾವೆಲ್ಲ ದನಿ ಇಳಿಸುವುದು ಕೂಡ ಅಲ್ಲಿಯೇ. “ಎರಡನೇ ಪ್ರಶ್ನೆಗೆ ಉತ್ತರ ಬರೆಯಬೇಡಿ” ಎಂದು ಮಿಸ್ ಹೇಳಿದರೆ ಅವಳು ಶ್ರದ್ಧೆಯಿಂದ ಎರಡನೇ ಪ್ರಶ್ನೆಗೆ ಉತ್ತರ ಬರೆದು ಬೈಸಿಕೊಳ್ಳುತ್ತಾಳೆ.

ಬಾಯಿಲೆಕ್ಕದಲ್ಲೂ ಹೀಗೆಯೇ. ಇಪ್ಪತ್ತೇಳಕ್ಕೆ ಐದು ಕೂಡಿಸು ಎಂದರೆ ಎಂಬತ್ತೆರಡು ಎನ್ನುತ್ತಾಳೆ. ತರಗತಿ ನಗುತ್ತದೆ. ಆದರೆ ಅವಳು ಕೂಡಿದ್ದು ಸರಿಯೇ. ಅವಳಿಗೆ ಕೇಳಿಸಿದ್ದು ಎಪ್ಪತ್ತೇಳು. ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದುಕೊಟ್ಟರೆ ಪೂರ್ತಿ ಅಂಕ. ನೋಡಿ ಮಾಡುವುದು ಸರಿ, ಕೇಳಿ ಮಾಡುವುದು ತಪ್ಪು: ಈ ಜೋಡಿ ಕಂಡಾಗ ಬುದ್ಧಿಯನ್ನೋ ಶ್ರದ್ಧೆಯನ್ನೋ ಅನುಮಾನಿಸುವ ಮೊದಲು ಕಿವಿಯನ್ನು ಅನುಮಾನಿಸಬೇಕು. ಇನ್ನೊಂದು ಸುಳಿವು ಇದಕ್ಕಿಂತ ಗಟ್ಟಿ. ಮಿಸ್ ತರಗತಿಯಲ್ಲಿ ಓಡಾಡುತ್ತ ಉಕ್ತಲೇಖನ ಕೊಡುತ್ತಾರಲ್ಲ, ಅವರು ಮಗುವಿನ ಎಡಕ್ಕಿದ್ದಾಗ ಹೇಳಿದ ಪದಗಳು ಸರಿ, ಬಲಕ್ಕಿದ್ದಾಗ ಹೇಳಿದವು ತಪ್ಪು. ಗಮನ ಕಡಿಮೆ ಇರುವ ಮಗುವಿನ ತಪ್ಪು ಹೀಗೆ ಒಂದೇ ಮಗ್ಗುಲಿಗೆ ಬೀಳುವುದಿಲ್ಲ.

ಹಾಗಾದರೆ ಒಳ್ಳೆಯ ಎಡಗಿವಿ ಏನು ಮಾಡುತ್ತಿದೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಶಬ್ದವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಒಂದು ಮೀಟರ್ ದೂರದಲ್ಲಿ ಮಿಸ್ ಅವರ ದನಿ 65 ಡೆಸಿಬೆಲ್ ಇದೆ ಅನ್ನೋಣ. ದೂರ ಇಮ್ಮಡಿಯಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್‌ಗೆ 59, ನಾಲ್ಕು ಮೀಟರ್‌ಗೆ 53. ಗೋಡೆಗೆ ಬಡಿದು ಮರಳುವ ಸದ್ದು ಇದಕ್ಕೆ ತುಸು ಸೇರುತ್ತದೆ, ಆದರೆ ಅದು ಮಾತನ್ನು ಗಟ್ಟಿ ಮಾಡುವುದಕ್ಕಿಂತ ಕಲಸುವುದೇ ಹೆಚ್ಚು. ಈಗ ಕಿಟಕಿಯ ಲೇತು, ತಲೆಯ ಮೇಲಿನ ಫ್ಯಾನು, ನಲವತ್ತು ಮಕ್ಕಳ ಪಿಸುಪಿಸು ಸೇರಿ ಕೋಣೆಯ ಗದ್ದಲ 55 ಎಂದಿಟ್ಟುಕೊಳ್ಳಿ. ಹಿಂದಿನ ಬೆಂಚಿಗೆ ಮುಟ್ಟುವಷ್ಟರಲ್ಲಿ ಮಾತು ಗದ್ದಲಕ್ಕಿಂತ ಕೆಳಗೆ ಮುಳುಗಿರುತ್ತದೆ. ಶಾಲೆಯ ವಯಸ್ಸಿನ ಮಗುವಿಗೆ ಮಾತು ಹಗುರವಾಗಿ ಅರ್ಥವಾಗಬೇಕಾದರೆ ಅದು ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟು ಮೇಲಿರಬೇಕು ಎಂಬುದು ಶ್ರವಣ ತಜ್ಞರು ಒಪ್ಪಿರುವ ಅಳತೆ. ಅಮೆರಿಕದ ಮಾನದಂಡವೊಂದು ಖಾಲಿ ತರಗತಿಯ ಗದ್ದಲ 35 ಡೆಸಿಬೆಲ್ ಮೀರಬಾರದು ಅನ್ನುತ್ತದೆ. ನಮ್ಮ ರಸ್ತೆಬದಿಯ ಕೋಣೆಗಳು ಅಷ್ಟು ತಣ್ಣಗಿರುವುದು ಭಾನುವಾರ ಬೆಳಗ್ಗೆ ಮಾತ್ರ.

ಎರಡೂ ಕಿವಿ ಸರಿ ಇರುವ ಮಗು ಈ ಗದ್ದಲದಲ್ಲಿ ಹೇಗೋ ದಾರಿ ಮಾಡಿಕೊಳ್ಳುತ್ತದೆ. ಗದ್ದಲ ಎಡಕ್ಕಿದ್ದರೆ ಬಲಗಿವಿಯನ್ನು ನಂಬುತ್ತದೆ, ಬಲಕ್ಕಿದ್ದರೆ ಎಡಗಿವಿಯನ್ನು. ನಮ್ಮ ತಲೆಯೇ ಶಬ್ದಕ್ಕೆ ಒಂದು ಅಡ್ಡಗೋಡೆ. ಒಂದು ಮಗ್ಗುಲಿನ ಸದ್ದು ಇನ್ನೊಂದು ಮಗ್ಗುಲಿಗೆ ದಾಟುವಾಗ ತಲೆಯ ನೆರಳು ಅದರ ಮೇಲೆ ಬೀಳುತ್ತದೆ. ಮಂದ್ರದ ಸದ್ದುಗಳು, ಅಂದರೆ ಆ, ಓ, ಊ ಮುಂತಾದ ಸ್ವರಗಳ ಗುಂಗು, ತಲೆಯನ್ನು ಬಳಸಿಕೊಂಡು ಆಚೆಗೆ ಹೋಗಬಲ್ಲವು. ಸ, ಶ, ತ, ಕ ಮುಂತಾದ ವ್ಯಂಜನಗಳ ಹರಿತವಾದ ತಾರದ ಸದ್ದು ಹಾಗೆ ಬಳಸಲಾರದು, ನೆರಳಿನಲ್ಲೇ ಬತ್ತುತ್ತದೆ. ಆ ನಷ್ಟ 15 ಡೆಸಿಬೆಲ್‌ವರೆಗೂ ಹೋಗಬಹುದು. ಮಾತು ಯಾರದು ಎಂದು ಹೇಳುವುದು ಸ್ವರ, ಯಾವ ಪದ ಎಂದು ಹೇಳುವುದು ವ್ಯಂಜನ. ಆದ್ದರಿಂದಲೇ ನಲ್ಲಿಯ ಪಕ್ಕ ನಿಂತಾಗ ನಿಮಗೆ ದನಿ ಕೇಳಿತು, ಮಾತು ಕೇಳಲಿಲ್ಲ.

ನಮ್ಮ ಹುಡುಗಿ ಕೂತಿದ್ದ ಜಾಗ ನೋಡಿ. ಬೋರ್ಡಿಗೆ ಮುಖ ಮಾಡಿದರೆ ರಸ್ತೆಯ ಕಿಟಕಿ ಎಡಗೋಡೆಯಲ್ಲಿದೆ. ಹುಡುಗಿಯರ ಸಾಲುಗಳು ಎಡಕ್ಕೆ, ಹುಡುಗರವು ಬಲಕ್ಕೆ. ಅವಳದ್ದು ಕಿಟಕಿಯ ಪಕ್ಕದ ನಾಲ್ಕನೇ ಬೆಂಚು. ಒಳ್ಳೆಯ ಎಡಗಿವಿ ನೇರವಾಗಿ ಲೇತ್ ಶೆಡ್ಡಿಗೆ ತೆರೆದಿದೆ. ಮಿಸ್, ಬೋರ್ಡು, ಇಡೀ ತರಗತಿ ಅವಳ ಬಲಕ್ಕೆ, ಮಂದ ಕಿವಿಯ ಕಡೆಗೆ. ಅವರ ಮಾತು ಎಡಗಿವಿಗೆ ಬರಬೇಕಾದರೆ ತಲೆಯ ನೆರಳು ದಾಟಿ, ಲೇತಿನ ಸದ್ದಿನ ಜೊತೆ ಗುದ್ದಾಡಿ ಬರಬೇಕು. ಆ ಕೋಣೆಯಲ್ಲಿ ಅವಳಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ದಿನಕ್ಕೆ ಐದಾರು ಗಂಟೆ ಹೀಗೆ ಕಷ್ಟಪಟ್ಟು ಕೇಳಿದರೆ ಮಧ್ಯಾಹ್ನಕ್ಕೆ ತಲೆ ಡೆಸ್ಕಿಗೆ ಬೀಳದೆ ಏನಾಗುತ್ತದೆ? ಅದು ಸೋಮಾರಿತನ ಅಲ್ಲ, ದಣಿವು.

ಒಂದು ಕಿವಿ ಇದ್ದರೆ ಸಾಕು ಎಂದು ವೈದ್ಯರೂ ಬಹಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ನ್ಯಾಶ್‌ವಿಲ್ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಫ್ರೆಡ್ ಬೆಸ್ ಮತ್ತು ಆ್ಯನ್ ಮರಿ ಥಾರ್ಪ್. 1984ರಲ್ಲಿ ಅವರು ಒಂದೇ ಕಿವಿಯ ದೋಷವಿದ್ದ 60 ಮಕ್ಕಳ ಶಾಲಾದಾಖಲೆ ನೋಡಿದರು. ನೂರಕ್ಕೆ 35ರಷ್ಟು ಮಕ್ಕಳು ಕನಿಷ್ಠ ಒಂದು ತರಗತಿಯಲ್ಲಿ ನಪಾಸಾಗಿದ್ದರು. ಆ ಮಕ್ಕಳ ದೋಷ ನಮ್ಮ ಹುಡುಗಿಯದಕ್ಕಿಂತ ಹೆಚ್ಚಿನದು ಎಂಬುದನ್ನೂ ಹೇಳಬೇಕು. 1998ರಲ್ಲಿ ಬೆಸ್ ಮತ್ತು ಸಂಗಡಿಗರು ಅಲ್ಪ ದೋಷದ ಮಕ್ಕಳನ್ನೇ ಆರಿಸಿ ನೋಡಿದಾಗಲೂ ನಪಾಸಾದವರು ನೂರಕ್ಕೆ 37 ಮಂದಿ. ಕಿವಿ ಎಷ್ಟು ಮಂದ ಅನ್ನುವುದೊಂದರಿಂದಲೇ ಕಲಿಕೆಯ ಪೆಟ್ಟನ್ನು ಅಳೆಯಲಾಗದು ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಇಂಥ ಪ್ರತಿ ಮಗುವೂ ಹಿಂದೆ ಬೀಳುತ್ತದೆ ಎಂದಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ನಪಾಸಾಗಿರಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ.

ಸರಿ, ಅನುಮಾನ ಬಂತು. ಮುಂದೇನು? ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಗುವಿನ ಕಿವಿಗೆ ಫೋನ್ ಕೊಟ್ಟು, ಆಚೆಯಿಂದ ಅಜ್ಜಿ ಮೆಲುದನಿಯಲ್ಲಿ ಕೆಲವು ಪದ ಹೇಳಲಿ, ಮಗು ತಿರುಗಿ ಹೇಳಲಿ. ಆಮೇಲೆ ಇನ್ನೊಂದು ಕಿವಿಗೆ. ಒಂದೇ ಕಿವಿಯಲ್ಲಿ ಪದೇಪದೇ ತಪ್ಪಿದರೆ, ಅಥವಾ ಮಗು ತಾನಾಗಿಯೇ ಫೋನನ್ನು ಯಾವಾಗಲೂ ಒಂದೇ ಕಿವಿಗೆ ಬದಲಾಯಿಸಿಕೊಂಡರೆ, ತಪಾಸಣೆಗೆ ಕರೆದೊಯ್ಯಬೇಕು. ಇದರಲ್ಲಿ ಪಾಸಾದರೆ ಕಿವಿ ಸರಿ ಎಂದು ತೀರ್ಮಾನಿಸಬೇಡಿ. ಇದು ಅನುಮಾನ ಹುಟ್ಟಿಸಲು ಸಾಕು, ತೊಡೆಯಲು ಸಾಲದು.

ಸರಿಯಾದ ಪರೀಕ್ಷೆ ಆಗುವುದು ಸದ್ದಿಲ್ಲದ ಕೋಣೆಯಲ್ಲಿ, ಆಡಿಯೋಮೀಟರ್ ಎಂಬ ಯಂತ್ರದಿಂದ. ಹೆಡ್‌ಫೋನ್ ಹಾಕಿ ಒಂದೊಂದು ಕಿವಿಗೂ ಬೇರೆ ಬೇರೆಯಾಗಿ, ಮಂದ್ರದಿಂದ ತಾರದವರೆಗಿನ ಪೀಪಿ ಸದ್ದುಗಳನ್ನು ಕೇಳಿಸುತ್ತ, ತೀರ ಮೆಲ್ಲಗೆ ಎಷ್ಟು ಕೇಳುತ್ತದೆ ಎಂದು ಒಂದು ಚೀಟಿಯಲ್ಲಿ ಗುರುತಿಸುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಚಿಹ್ನೆ. ನಮ್ಮ ಹುಡುಗಿಯ ಚೀಟಿಯಲ್ಲಿ ನೀಲಿ ಗುರುತುಗಳು 10 ಡೆಸಿಬೆಲ್ ಹತ್ತಿರ ಇವೆ, ಅದು ಸಹಜ. ಕೆಂಪು ಗುರುತುಗಳು 35ರ ಹತ್ತಿರ ಇಳಿದಿವೆ, ಅದು ಅಲ್ಪ ಪ್ರಮಾಣದ ದೋಷ. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಪುಟ್ಟ ಕಂಪಕ ತಾಗಿಸಿ ಮತ್ತೆ ಪರೀಕ್ಷಿಸಿದರು. ಮೂಳೆಯ ಮೂಲಕ ಹೋದ ಸದ್ದು ಬಲಗಿವಿಗೂ 10ರಲ್ಲೇ ಕೇಳಿತು. ಅಂದರೆ ಒಳಗಿವಿ, ನರ ಎರಡೂ ಚೆನ್ನಾಗಿವೆ. ಸದ್ದು ಒಳಗೆ ಹೋಗುವ ದಾರಿಯಲ್ಲಿ ತಡೆ ಇದೆ.

ಆ ತಡೆ ಮಕ್ಕಳಲ್ಲಿ ಸಾಮಾನ್ಯವಾಗಿ ಮೂರು ಬಗೆ. ಒಂದು, ಕಿವಿಯನ್ನು ಪೂರ್ತಿ ಮುಚ್ಚಿದ ಗುಗ್ಗೆ. ಎರಡು, ನೆಗಡಿಯ ನಂತರ ಕಿವಿಯ ಪರದೆಯ ಹಿಂದೆ ನಿಂತ ನೀರು. ಇದು ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ, ಅದಕ್ಕೇ ವೈದ್ಯರು ಕಾದು ಮತ್ತೆ ಪರೀಕ್ಷಿಸುತ್ತಾರೆ. ಮೂರು, ಸೋರುವ ಕಿವಿ ಮತ್ತು ತೂತಾದ ಪರದೆ. ನಮ್ಮ ಹುಡುಗಿಯದು ಮೂರನೆಯದು. ಎರಡು ವರ್ಷದಿಂದ ಆಗಾಗ ಬಲಗಿವಿ ಸೋರುತ್ತಿತ್ತು. ಮನೆಯಲ್ಲಿ ಬಿಸಿ ಎಣ್ಣೆ ಬಿಡುತ್ತಿದ್ದರು. ತೂತಾದ ಪರದೆಯ ಕಿವಿಗೆ ಎಣ್ಣೆ ಬಿಟ್ಟರೆ ಅದು ನೇರ ನಡುಗಿವಿಗೆ ಇಳಿದು ಸೋಂಕನ್ನು ಮುಂದುವರಿಸುತ್ತದೆ. ವೈದ್ಯರು ಮೊದಲು ಹೇಳಿದ್ದು ಎಣ್ಣೆ ನಿಲ್ಲಿಸಿ, ಕಿವಿಯನ್ನು ಒಣಗಿಸಿಡಿ ಎಂದು. ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಸವರಿದ ಹತ್ತಿಯುಂಡೆ ಇಟ್ಟು, ಸ್ನಾನ ಆದಮೇಲೆ ತೆಗೆಯಬೇಕು. ಪರದೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಬೇಕೇ, ಯಾವಾಗ ಬೇಕು ಎಂಬುದನ್ನು ಕಿವಿ ಒಣಗಿದ ಮೇಲೆ ಅವರೇ ನೋಡಿ ಹೇಳುತ್ತಾರೆ. ಸೋರಿಕೆಗೆ ಕೆಟ್ಟ ವಾಸನೆ ಇದ್ದರೆ ಕಾಯಬಾರದು. ಜ್ವರ ಅಥವಾ ಮಂಗನಬಾವಿನ ನಂತರ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದು ಒಳಗಿವಿಯ ಪೆಟ್ಟು ಇರಬಹುದು, ಅಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ತಪಾಸಣೆಗೆ ಎಲ್ಲಿಗೆ ಹೋಗುವುದು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ. ಕಿವಿಯ ದೋಷವೂ ಅವರ ಪಟ್ಟಿಯಲ್ಲಿದೆ. ಆದರೆ ಗದ್ದಲದ ಶಾಲೆಯಲ್ಲಿ ಅವಸರದಲ್ಲಿ ನಡೆಯುವ ನೋಟಕ್ಕೆ ಒಂದೇ ಕಿವಿಯ ಅಲ್ಪ ದೋಷ ತಪ್ಪಿಹೋಗುವುದು ಸುಲಭ. ಆ ದಿನ ಮಿಸ್ ತಮ್ಮ ಅನುಮಾನದ ಮಕ್ಕಳ ಹೆಸರು ಹೇಳಿ, ಉಕ್ತಲೇಖನದ ಪುಸ್ತಕ ತೋರಿಸಿದರೆ ವೈದ್ಯರು ಮುಂದಕ್ಕೆ ಕಳಿಸಲು ಆಧಾರ ಸಿಗುತ್ತದೆ. ಹೆಗ್ಗನಹಳ್ಳಿಯಲ್ಲಿ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಹೆಚ್ಚು. ಇ.ಎಸ್.ಐ. ಕಾರ್ಡ್ ಇದ್ದವರ ಮಕ್ಕಳಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಕಾರ್ಡ್ ಇಲ್ಲದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಇದೆ. ಇನ್ನೂ ಆಳವಾದ ಪರೀಕ್ಷೆ ಬೇಕಾದಾಗ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕನ್ನಡದ ಪದಪಟ್ಟಿಗಳನ್ನೇ ಕೇಳಿಸಿ ಮಾತು ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವ ಪರೀಕ್ಷೆಗಳು ಅಲ್ಲಿ ರೂಪುಗೊಂಡಿವೆ.

ಅಂಗವೈಕಲ್ಯದ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ಸಿಗುವುದಿಲ್ಲ. 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ಮುಟ್ಟಿದ ದೋಷ ಇದ್ದರೆ ಮಾತ್ರ ಆ ಪಟ್ಟಿಗೆ ಸೇರುವುದು. ಶ್ರವಣಯಂತ್ರ ಇಂಥ ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ, ತಜ್ಞರು ಹಾಕಿನೋಡಿ ನಿರ್ಧರಿಸುತ್ತಾರೆ. ಶಿಕ್ಷಕರ ಕೊರಳಿನ ಮೈಕಿನಿಂದ ನೇರ ಮಗುವಿನ ಕಿವಿಗೆ ಮಾತು ಮುಟ್ಟಿಸುವ ಸಾಧನಗಳೂ ಇವೆ. ಗದ್ದಲದ ಕೋಣೆಯಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಕೈಗೆಟುಕುವ ಬೆಲೆ ಅಲ್ಲ. ಹಾಗಾಗಿ ಚಿಕಿತ್ಸೆ ನಡೆಯುವ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿ ಖರ್ಚಿಲ್ಲದೆ ಇರುವುದು ಒಂದೇ, ಬೆಂಚು.

ಮಗುವನ್ನು ಮುಂದಿನ ಬೆಂಚಿಗೆ ಹಾಕಿ ಎಂದು ಸುಮ್ಮನೆ ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಕಿಟಕಿಯ ಪಕ್ಕದಲ್ಲೇ ಮುಂದಕ್ಕೆ ಕೂರಿಸಿದರೆ ದೂರ ಕಡಿಮೆಯಾಯಿತು, ತಲೆಯ ನೆರಳು ಹಾಗೇ ಉಳಿಯಿತು. ನೆನಪಿಡುವ ಸೂತ್ರ ಇಷ್ಟು: ಮಂದ ಕಿವಿ ಗೋಡೆಗೆ, ಒಳ್ಳೆಯ ಕಿವಿ ತರಗತಿಗೆ. ನಮ್ಮ ಹುಡುಗಿ ಬಲಗೋಡೆಯ ಪಕ್ಕ, ಎರಡನೇ ಬೆಂಚಿನಲ್ಲಿ ಕೂರಬೇಕು. ಮಿಸ್ ಎರಡು ಮೀಟರ್ ದೂರದಲ್ಲಿ, ಎಡಗಿವಿಯ ಕಡೆಗೆ ಬರುತ್ತಾರೆ. ಲೇತಿನ ಸದ್ದು ಕೋಣೆಯ ಆಚೆ ತುದಿಗೆ ಸರಿಯುತ್ತದೆ. ಮೊದಲ ಬೆಂಚು ಯಾಕೆ ಬೇಡ ಎಂದರೆ, ಅಲ್ಲಿ ಉತ್ತರ ಹೇಳುವ ಗೆಳತಿಯರೆಲ್ಲ ಬೆನ್ನ ಹಿಂದೆ ಇರುತ್ತಾರೆ. ಎರಡನೆಯದರಲ್ಲಿ ತುಸು ತಿರುಗಿದರೆ ಮುಖಗಳು ಕಾಣುತ್ತವೆ. ಇದರ ಜೊತೆಗೆ ಮಿಸ್ ಬೋರ್ಡಿಗೆ ಮುಖ ಮಾಡಿ ಮಾತಾಡದಿದ್ದರೆ, ಉತ್ತರ ಹೇಳುವ ಮಗುವಿನ ಹೆಸರು ಮೊದಲೇ ಕರೆದರೆ, ಮನೆಗೆಲಸವನ್ನು ಬಾಯಲ್ಲಿ ಹೇಳಿ ಬಿಡದೆ ಬೋರ್ಡಿನ ಮೇಲೆ ಬರೆದರೆ, ಜಾರುವ ಬಾಲಗಳು ಬಹುಮಟ್ಟಿಗೆ ಸಿಗುತ್ತವೆ.

ಒಂದು ತೊಡಕು ಉಳಿಯಿತು. ಬಲಗಡೆ ಹುಡುಗರ ಸಾಲು. ಒಬ್ಬಳನ್ನೇ ಎಬ್ಬಿಸಿ ಅಲ್ಲಿ ಕೂರಿಸಿದರೆ ಅವಳ ಕಿವಿಯ ಸುದ್ದಿ ಸಂಜೆಗೆ ಇಡೀ ಬೀದಿಗೆ ಗೊತ್ತು. ಇದಕ್ಕೆ ಮಿಸ್‌ಗಳು ಕಂಡುಕೊಳ್ಳುವ ಉಪಾಯ ನನಗೆ ಇಷ್ಟ. ಸೋಮವಾರ ಬೆಳಗ್ಗೆ ಬಂದು, “ಇವತ್ತಿಂದ ಹುಡುಗಿಯರೆಲ್ಲ ಬಲಕ್ಕೆ, ಹುಡುಗರೆಲ್ಲ ಎಡಕ್ಕೆ” ಎಂದುಬಿಡುತ್ತಾರೆ. ಬೆಂಚು ಎಳೆದಾಡಿದ ಸದ್ದು ಐದು ನಿಮಿಷ. ಯಾಕೆ ಎಂದು ಗೊತ್ತಿದ್ದವರು ಇಬ್ಬರೇ. ಆಮೇಲಿನ ಹದಿನೈದು ದಿನ ಉಕ್ತಲೇಖನದಲ್ಲಿ ‘ಮರದಿಂದ’ ಮರದಿಂದಲೇ ಆಗಿ ಬರುತ್ತಿದೆಯೇ ಎಂದು ನೋಡಬೇಕು. ಬರದಿದ್ದರೆ ಜಾಗವನ್ನು ಮತ್ತೆ ಯೋಚಿಸಬೇಕು, ಕಿವಿಯನ್ನೂ ಮತ್ತೆ ಪರೀಕ್ಷಿಸಬೇಕು.

ಜೂನ್‌ನಲ್ಲಿ ಅವಳು ಐದನೇ ತರಗತಿಗೆ ಹೋಗುತ್ತಾಳೆ. ಬೇರೆ ಕೋಣೆ, ಬೇರೆ ಮಿಸ್, ಕಿಟಕಿ ಬೇರೆ ಗೋಡೆಯಲ್ಲಿ. ಮೊದಲ ದಿನವೇ ಅಮ್ಮ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಬರಲಿ: “ಮಿಸ್, ಇವಳಿಗೆ ಎಡಗಿವಿ ಚೆನ್ನಾಗಿ ಕೇಳ್ಸುತ್ತೆ. ಆ ಕಿವಿ ನಿಮ್ಮ ಕಡೆ ಇರೋ ಹಾಗೆ ಕೂರಿಸಿ.”